ಬಾಯ್ಲರ್ ಫ್ಯಾನಿಗೆ ಆಟೋಎನ್‌ಕೋಡರ್: ಥ್ರೆಶೋಲ್ಡ್ ಕೂತಿದ್ದು ಹೀಗೆ

ಮುಧೋಳ ಕಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ, ಬಾಯ್ಲರಿನ ಹೊಗೆಯನ್ನು ಹೊರಗೆಳೆಯುವ ಐಡಿ ಫ್ಯಾನ್ ಕೆಡುತ್ತಿರುವುದನ್ನು ಮೊದಲೇ ಹಿಡಿಯಲು ಈ ಕೆಲಸ ಮಾಡಿದ್ದು. "ಇದೆಲ್ಲ ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗಿರುತ್ತೆ, ಬೂದಿಯಲ್ಲಿ ನಡೆಯಲ್ಲ" ಅಂದವರೇ ಜಾಸ್ತಿ. ಈಗ ಎರಡನೇ ಹಂಗಾಮು ಮುಗಿದಿದೆ, ಮಾಡೆಲ್ ಇನ್ನೂ ಕೆಲಸ ಮಾಡುತ್ತಿದೆ. ಹೊರಗಿನ ಒಂದು ಕಂಪನಿ ಇದೇ ಕೆಲಸಕ್ಕೆ ಹದಿನೆಂಟು ಲಕ್ಷ ಕೇಳಿತ್ತು. ನನಗೆ ಎರಡು ವೈಬ್ರೇಷನ್ ಟ್ರಾನ್ಸ್‌ಮಿಟರ್, ಒಂದು ಸಣ್ಣ ಪಿಸಿ, ಕೇಬಲ್ ಎಲ್ಲ ಸೇರಿ ಒಂದೂವರೆ ಲಕ್ಷದೊಳಗೆ ಮುಗಿಯಿತು. ಉಳಿದ ಸಿಗ್ನಲ್‌ಗಳು ಯಂತ್ರಗಳನ್ನು ನಿಯಂತ್ರಿಸುವ ಪಿಎಲ್‌ಸಿಯಲ್ಲಿ ಮೊದಲೇ ಇದ್ದವು.

ಬರೀ ವೈಬ್ರೇಷನ್ ಅಲಾರ್ಮ್ ಯಾಕೆ ಸಾಲದು ಅಂತ ಕೇಳಬಹುದು. ಅಲ್ಲಿ ಅಲಾರ್ಮ್ ಇದ್ದಿದ್ದು ಸೆಕೆಂಡಿಗೆ 7.1 ಮಿಲಿಮೀಟರ್‌ಗೆ. ಬಗಾಸಿನ ಬೂದಿ ಇಂಪೆಲ್ಲರನ್ನು ತಿನ್ನುತ್ತದೆ, ಬ್ಯಾಲೆನ್ಸ್ ಕೆಡುತ್ತದೆ, ಬೇರಿಂಗ್ ಹೋಗುತ್ತದೆ. 7.1 ಮುಟ್ಟುವ ಹೊತ್ತಿಗೆ ಸಮಯವೇ ಉಳಿದಿರುವುದಿಲ್ಲ. ಮಿತಿಯನ್ನು 4ಕ್ಕೆ ಇಳಿಸಿದರೆ ಲೋಡ್ ಏರಿದಾಗಲೆಲ್ಲ ಬಾರಿಸುತ್ತದೆ. ಗಾಳಿಯ ಹರಿವನ್ನು ಹೆಚ್ಚುಕಡಿಮೆ ಮಾಡುವ ಡ್ಯಾಂಪರ್ ಪೂರ್ತಿ ತೆರೆದಾಗ 3.5 ಬಂದರೆ ಸರಿ. ಅರ್ಧ ತೆರೆದಿದ್ದಾಗ ಅದೇ 3.5 ಬಂದರೆ ಏನೋ ಕೆಟ್ಟಿದೆ. ಆಟೋಎನ್‌ಕೋಡರ್ ಬೇಕಾಗಿದ್ದು ಈ ವ್ಯತ್ಯಾಸ ಹಿಡಿಯಲು. ಅದು ಸಿಗ್ನಲ್‌ಗಳನ್ನು ಕುಗ್ಗಿಸಿ ಮತ್ತೆ ಮೊದಲಿನಂತೆ ಕಟ್ಟಲು ಕಲಿಯುವ ನ್ಯೂರಲ್ ನೆಟ್‌ವರ್ಕ್. ಒಳ್ಳೆಯ ದಿನಗಳ ಡೇಟಾದಿಂದ ಕಲಿಸಿದರೆ, ಏನೋ ಕೆಟ್ಟಾಗ ಅದು ಕಟ್ಟಿದ್ದಕ್ಕೂ ನಿಜವಾದ ರೀಡಿಂಗಿಗೂ ಇರುವ ವ್ಯತ್ಯಾಸ, ಅಂದರೆ ಎರರ್, ಏರುತ್ತದೆ.

ಹತ್ತು ಸಿಗ್ನಲ್ ತೆಗೆದುಕೊಂಡೆ: ಮೋಟಾರ್ ಕರೆಂಟ್, ಡ್ಯಾಂಪರ್, ಫರ್ನೇಸ್ ಡ್ರಾಫ್ಟ್ ಅಂದರೆ ಕುಲುಮೆಯೊಳಗಿನ ಒತ್ತಡ, ಫ್ಲೂ ಗ್ಯಾಸ್ ತಾಪಮಾನ, ಸ್ಟೀಮ್ ಫ್ಲೋ, ಹೊರಗಿನ ತಾಪಮಾನ, ಎರಡು ಬೇರಿಂಗ್‌ಗಳ ತಾಪಮಾನ, ಎರಡರ ವೈಬ್ರೇಷನ್. ನಿಮಿಷಕ್ಕೊಂದು ಸರಾಸರಿ. ನೆಟ್‌ವರ್ಕಿನ ಪದರಗಳು 10-6-3-6-10, ಅಷ್ಟೇ. ನಡುವೆ ಮೂರೇ ಯಾಕೆ ಅಂದರೆ, ಈ ಫ್ಯಾನ್ ಸರಿಯಾಗಿದ್ದಾಗ ನಿಜವಾಗಿ ಬದಲಾಗುವುದು ಮೂರೇ: ಬಾಯ್ಲರ್ ಲೋಡ್, ಡ್ಯಾಂಪರ್, ಹವೆ. ನಡುವೆ ಆರು ಇಟ್ಟಾಗ ಎರರ್ ಬಹಳ ಕಡಿಮೆ ಬಂತು, ನೋಡಲು ಚೆಂದ. ಆದರೆ ಅದು ಕೆಟ್ಟ ರೀಡಿಂಗನ್ನೂ ಹಾಗೇ ನಕಲು ಮಾಡಿ ಕೊಡುತ್ತಿತ್ತು. ಇದನ್ನು ಕಂಡುಹಿಡಿಯಲು ಸುಲಭದ ದಾರಿ ಇದೆ. ಒಳ್ಳೆಯ ದಿನಗಳ ಡೇಟಾದಲ್ಲಿ ಒಂದು ವೈಬ್ರೇಷನ್‌ಗೆ 0.8, ಅದೇ ಬೇರಿಂಗಿನ ತಾಪಮಾನಕ್ಕೆ 5 ಡಿಗ್ರಿ ನಾವೇ ಸೇರಿಸಿ ಎರರ್ ಏರುತ್ತದಾ ನೋಡುವುದು. ಆರಿದ್ದಾಗ ಹೆಚ್ಚೇನೂ ಏರಲಿಲ್ಲ. ಮೂರಿದ್ದಾಗ ಎದ್ದು ಕಂಡಿತು.

ಇನ್ನು ಎರರ್ ಎಷ್ಟಾದರೆ ಅಲಾರ್ಮ್ ಅನ್ನುವ ಗೆರೆ, ಅಂದರೆ ಥ್ರೆಶೋಲ್ಡ್, ಎಲ್ಲಿ ಎಳೆಯುವುದು? ನನ್ನ ಹೆಚ್ಚಿನ ಸಮಯ ತಿಂದಿದ್ದು ಇದೇ.

ಎಲ್ಲರೂ ಮೊದಲು ಹಿಡಿಯುವುದು ಸರಾಸರಿ ಜೊತೆ ಮೂರು ಸಿಗ್ಮಾ, ಅಂದರೆ ಮೂರು ಸ್ಟ್ಯಾಂಡರ್ಡ್ ಡೀವಿಯೇಷನ್. ಎರರ್ ಗಂಟೆಯಾಕಾರದಲ್ಲಿ ಹರಡಿದ್ದರೆ ದಿನದ 1440 ನಿಮಿಷಗಳಲ್ಲಿ ಎರಡು ನಿಮಿಷ ಗೆರೆ ದಾಟಬೇಕು. ಇಲ್ಲಿ ಇಪ್ಪತ್ತೈದು, ಮೂವತ್ತು ನಿಮಿಷ ದಾಟುತ್ತಿತ್ತು. ರೀಕನ್‌ಸ್ಟ್ರಕ್ಷನ್ ಎರರ್‌ಗೆ ಬಲಗಡೆ ಉದ್ದ ಬಾಲ ಇರುತ್ತದೆ, ಸಿಗ್ಮಾ ಲೆಕ್ಕ ಅದಕ್ಕೆ ಒಗ್ಗುವುದಿಲ್ಲ. ಟ್ರೈನಿಂಗ್ ಡೇಟಾದ ಮೇಲೆ 99.9 ಪರ್ಸೆಂಟೈಲ್ ತೆಗೆದರೆ ಇನ್ನೂ ಕಷ್ಟ. ಮಾಡೆಲ್ ಕಂಡ ಡೇಟಾದಲ್ಲಿ ಎರರ್ ಯಾವಾಗಲೂ ಸಣ್ಣದು, ಹೊಸ ವಾರ ಬಂದ ಕೂಡಲೇ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ಡೇಟಾ ಕಲಸಿ ವ್ಯಾಲಿಡೇಷನ್‌ಗೆ, ಅಂದರೆ ಮಾಡೆಲನ್ನು ಪರೀಕ್ಷಿಸಲು, ಇಪ್ಪತ್ತು ಪರ್ಸೆಂಟ್ ತೆಗೆದರೂ ಅದೇ ಕಥೆ, ಯಾಕೆಂದರೆ ಪಕ್ಕದ ನಿಮಿಷ ಟ್ರೈನಿಂಗ್‌ನಲ್ಲಿ ಇದ್ದೇ ಇರುತ್ತದೆ. ಟ್ರೈನಿಂಗ್ ವಾರಗಳಾದ ಮೇಲಿನ ಬೇರೆ ವಾರಗಳನ್ನೇ ವ್ಯಾಲಿಡೇಷನ್‌ಗೆ ಇಡಬೇಕು.

ಇನ್ನೊಂದು ತೊಂದರೆ ಫರ್ನೇಸ್ ಡ್ರಾಫ್ಟ್. ಅದು ಸದಾ ಕುಣಿಯುವ ಸಿಗ್ನಲ್. ಸಾದಾ ಎಂಎಸ್‌ಇ, ಅಂದರೆ ಎರರ್‌ಗಳ ವರ್ಗದ ಸರಾಸರಿ, ತೆಗೆದರೆ ಅರ್ಧಕ್ಕಿಂತ ಹೆಚ್ಚು ಎರರ್ ಅದರದ್ದೇ, ಬೇರಿಂಗಿನ ದನಿ ಅದರಡಿ ಮುಚ್ಚಿಹೋಗುತ್ತದೆ. ಆದ್ದರಿಂದ ಪ್ರತಿ ಸಿಗ್ನಲ್‌ನ ಎರರನ್ನು ವ್ಯಾಲಿಡೇಷನ್‌ನಲ್ಲಿ ಅದರದ್ದೇ ಮೀಡಿಯನ್‌ನಿಂದ ಭಾಗಿಸಿದೆ. ಇಷ್ಟರಿಂದಲೇ ಸುಳ್ಳು ಅಲಾರ್ಮ್ ಅರ್ಧಕ್ಕೆ ಇಳಿಯಿತು.

```python
r = np.abs(x_val - model.predict(x_val))
s = np.median(r, axis=0)
score = (r / s).mean(axis=1)
limit = np.quantile(score, q)
alarm = pd.Series(score > limit).rolling(15).sum() >= 10
```

ಹದಿನೈದು ನಿಮಿಷಗಳಲ್ಲಿ ಹತ್ತು ನಿಮಿಷವಾದರೂ ಗೆರೆ ದಾಟಿದರೆ ಅಲಾರ್ಮ್ ಅನ್ನುವುದು ಕೊನೆಯ ಸಾಲಿನ ಅರ್ಥ. ಗೆರೆಯನ್ನು ಕೂರಿಸುವ ಈ `q` ಎಷ್ಟಿರಬೇಕು? ಉತ್ತರ ಸಿಕ್ಕಿದ್ದು ಶಿಫ್ಟ್ ಎಂಜಿನಿಯರ್ ಬಾಯಿಂದ. "ಸರ್, ವಾರಕ್ಕೆ ಒಂದೆರಡು ಬಂದ್ರೆ ಹೋಗಿ ನೋಡ್ತೀವಿ. ದಿನಾ ಬಂದ್ರೆ ಯಾರೂ ನೋಡಲ್ಲ" ಅಂದರು. ಅದನ್ನೇ ಲೆಕ್ಕ ಮಾಡಿಕೊಂಡೆ. ವ್ಯಾಲಿಡೇಷನ್ ವಾರಗಳ ಮೇಲೆ ಇಡೀ ಅಲಾರ್ಮ್ ಲಾಜಿಕ್ ಓಡಿಸಿ, ಎಷ್ಟು ನಿಮಿಷ ದಾಟಿತು ಅನ್ನುವುದನ್ನು ಬಿಟ್ಟು, ಎಷ್ಟು ಸಲ ಅಲಾರ್ಮ್ ಶುರುವಾಯಿತು ಅನ್ನುವುದನ್ನು ಎಣಿಸಬೇಕು. ಗೆರೆ ದಾಟುವ ನಿಮಿಷಗಳು ಗುಂಪಾಗಿ ಬರುತ್ತವೆ. ಮೂವತ್ತು ನಿಮಿಷ ಒಂದೇ ಅಲಾರ್ಮ್ ಆಗಬಹುದು, ಬಿಡಿಬಿಡಿಯಾಗಿ ಬಂದರೆ ಒಂದೂ ಆಗದಿರಬಹುದು. `q` 0.99ರಿಂದ ಏರಿಸುತ್ತಾ ಹೋದೆ. 0.998ರ ಹತ್ತಿರ ವಾರಕ್ಕೆ ಒಂದು ಸುಳ್ಳು ಅಲಾರ್ಮಿಗೆ ಬಂದು ನಿಂತಿತು. ಆಮೇಲೆ ಅದೇ ಗೆರೆಯಲ್ಲಿ ನಾವು ಸೇರಿಸಿದ 0.8 ಮತ್ತು 5 ಡಿಗ್ರಿ ಸಿಕ್ಕಿಬೀಳುತ್ತದಾ ನೋಡಿದೆ. ಬಿತ್ತು. ಬೀಳದಿದ್ದರೆ ಗೆರೆ ಮುಟ್ಟಬಾರದು, ಮಾಡೆಲ್ ಬದಲಿಸಬೇಕು.

ಫ್ಯಾನ್ ಶುರುವಾಗುವ, ನಿಲ್ಲುವ ಹೊತ್ತಿನ ನಿಮಿಷಗಳನ್ನು ಹೊರಗಿಡಲೇಬೇಕು. ಕರೆಂಟ್ ನೋಡಿ ಮುಕ್ಕಾಲು ಗಂಟೆ ಬಿಡುವುದು ಸಾಮಾನ್ಯ ದಾರಿ. ನಾನು ಬೇರೆ ರೀತಿ ಮಾಡುತ್ತೇನೆ, ಅದನ್ನು ಇಲ್ಲಿ ಹೇಳುವುದಿಲ್ಲ. ಲೋಡ್ ಕಡಿಮೆ ಇದ್ದಾಗ ಬೇರೆ ಗೆರೆ ಬೇಕು ಅನ್ನುವುದನ್ನಷ್ಟೇ ಹೇಳುತ್ತೇನೆ, ಎಷ್ಟು ಅನ್ನುವುದು ನಿಮ್ಮ ಫ್ಯಾನ್ ಹೇಳುತ್ತದೆ.

ಮಧ್ಯೆ ನೇರ ಗೆರೆಯ ಸಂಬಂಧಗಳನ್ನಷ್ಟೇ ಹಿಡಿಯುವ ಪಿಸಿಎ ಕೂಡ ಓಡಿಸಿದೆ. ಪೂರ್ತಿ ಲೋಡ್‌ನಲ್ಲಿ ಆಟೋಎನ್‌ಕೋಡರ್‌ನಷ್ಟೇ ಚೆನ್ನಾಗಿತ್ತು. ಡ್ಯಾಂಪರ್ ಅರ್ಧದಲ್ಲಿದ್ದಾಗ ಸೋತಿತು, ಅಲ್ಲಿ ಸಂಬಂಧ ನೇರ ಗೆರೆಯದ್ದಲ್ಲ. ನಿಮ್ಮ ಯಂತ್ರ ಒಂದೇ ವೇಗ, ಒಂದೇ ಲೋಡ್‌ನಲ್ಲಿ ಓಡುವುದಾದರೆ ಪಿಸಿಎ ಸಾಕು, ಸುಮ್ನೆ ಕಷ್ಟಪಡಬೇಡಿ. ಹಿಂದಿನ ನಿಮಿಷಗಳನ್ನೂ ನೆನಪಿಡುವ ಎಲ್‌ಎಸ್‌ಟಿಎಂ ನೆಟ್‌ವರ್ಕ್ ಹಾಕಿದ್ದರಿಂದ ಟ್ರೈನಿಂಗ್ ಸಮಯ ಏರಿತು, ಬೇರೇನೂ ಸಿಗಲಿಲ್ಲ.

ಫಲ ಬಂದಿದ್ದು ಮೊದಲ ಹಂಗಾಮಿನ ಫೆಬ್ರವರಿಯಲ್ಲಿ. ಡ್ಯಾಂಪರ್ ಅರವತ್ತು ಪರ್ಸೆಂಟ್ ಆಸುಪಾಸು, ವೈಬ್ರೇಷನ್ 3.3. ಮಾಡೆಲ್ ಪ್ರಕಾರ 2.4 ಇರಬೇಕಿತ್ತು. ಬೇರಿಂಗ್ ತಾಪಮಾನವೂ ಇರಬೇಕಾದ್ದಕ್ಕಿಂತ ನಾಲ್ಕೈದು ಡಿಗ್ರಿ ಜಾಸ್ತಿ. ಅಲಾರ್ಮ್ ಎರಡು ದಿನ ಬಿಟ್ಟುಬಿಟ್ಟು ಬಂತು. ಒಂದು ಎಚ್ಚರ: ಯಾವ ಸಿಗ್ನಲ್‌ನ ಎರರ್ ದೊಡ್ಡದೋ ಅದೇ ಕೆಟ್ಟಿದ್ದು ಅಂದುಕೊಳ್ಳಬಾರದು. ಒಂದರ ತಪ್ಪು ಮಾಡೆಲ್ ಒಳಗೆ ಹೋಗಿ ಬೇರೆಯವಕ್ಕೂ ಅಂಟುತ್ತದೆ. ಅವತ್ತು ಮೋಟಾರ್ ಕರೆಂಟಿನ ಎರರ್ ಕೂಡ ಏರಿತ್ತು, ಮೋಟಾರ್‌ನಲ್ಲಿ ಏನೂ ಇರಲಿಲ್ಲ. ಒಂದೇ ಬೇರಿಂಗಿನ ಎರಡು ಸಿಗ್ನಲ್ ಒಟ್ಟಿಗೆ ಏರಿದ್ದನ್ನು ನಾನು ನಂಬಿದೆ.

ಮುಂದಿನ ಕ್ಲೀನಿಂಗ್ ದಿನ ತೆರೆದು ನೋಡಿದರೆ ಬೇರಿಂಗಿನ ಹೊರ ರೇಸ್ ಚಕ್ಕೆ ಎದ್ದಿತ್ತು, ಇಂಪೆಲ್ಲರ್ ಬ್ಲೇಡ್ ಒಂದು ಕಡೆ ಸವೆದಿತ್ತು. ಬೇರಿಂಗ್, ಬ್ಯಾಲೆನ್ಸಿಂಗ್, ಕೂಲಿ ಸೇರಿ ಎಪ್ಪತ್ತು ಸಾವಿರದ ಹತ್ತಿರ ಆಯಿತು. ಹಂಗಾಮಿನ ನಡುವೆ ಆ ಫ್ಯಾನ್ ನಿಂತರೆ ಬಾಯ್ಲರ್ ನಿಲ್ಲುತ್ತದೆ, ಕಬ್ಬು ಅರೆಯುವುದು ನಿಲ್ಲುತ್ತದೆ, ಗಂಟೆಗೆ ಲಕ್ಷ ದಾಟುತ್ತದೆ ಅನ್ನುವುದು ಅಲ್ಲಿಯ ಅಕೌಂಟ್ಸ್‌ನವರ ಲೆಕ್ಕ. ಬೇರಿಂಗ್ ಬದಲಿಸಲು ಹತ್ತು ಗಂಟೆಯಾದರೂ ಬೇಕು.

ಮಾರ್ಚ್ ಬಿಸಿಲಿಗೆ ಸ್ಕೋರ್ ನಿಧಾನ ಏರುತ್ತದೆ. ಟ್ರೈನಿಂಗ್‌ನಲ್ಲಿ ಅಂಥ ಬಿಸಿಲಿಲ್ಲದಿದ್ದರೆ ಹೊರಗಿನ ತಾಪಮಾನದ ಸಿಗ್ನಲ್ ಇದ್ದರೂ ಪೂರ್ತಿ ಸರಿಹೋಗುವುದಿಲ್ಲ. ಪ್ರತಿ ತಿಂಗಳು ಹೊಸದಾಗಿ ಕಲಿಸಿದರೆ ನಿಧಾನವಾಗಿ ಕೆಡುತ್ತಿರುವ ಬೇರಿಂಗನ್ನೂ ಮಾಡೆಲ್ ಸರಿ ಅಂತ ಕಲಿತುಬಿಡುತ್ತದೆ. ಅದಕ್ಕೆ ಕ್ಲೀನಿಂಗ್ ದಿನ ಬೇರಿಂಗ್ ತಪಾಸಣೆ ಆದ ಮೇಲಿನ ಡೇಟಾದಿಂದ ಮಾತ್ರ ಕಲಿಸುತ್ತೇನೆ, ಹಳೆಯ ಮಾಡೆಲನ್ನು ಪಕ್ಕದಲ್ಲೇ ಓಡಿಸುತ್ತೇನೆ. ಎರಡೂ ದೂರ ಸರಿಯತೊಡಗಿದರೆ ಆ ಬೇರಿಂಗನ್ನು ಕೈಯಲ್ಲಿ ಹಿಡಿಯುವ ವೈಬ್ರೇಷನ್ ಮೀಟರ್‌ನಿಂದ ಅಳೆಯಲು ಹೇಳುತ್ತೇನೆ. ಮಾಮೂಲಿ ಮಟ್ಟದಲ್ಲೇ ಸಿಕ್ಕಿಕೊಂಡ, ತಾಪಮಾನ ಅಳೆಯುವ ಥರ್ಮೋಕಪಲ್ ಮಾತ್ರ ಇದರಿಂದ ಬೇಗ ಸಿಗುವುದಿಲ್ಲ. ಅದಕ್ಕೆ "ಅರ್ಧ ಗಂಟೆ ಅಂಕಿ ಅಲ್ಲಾಡದಿದ್ದರೆ ಹೇಳು" ಅನ್ನುವ ಒಂದು ಸಾಲಿನ ರೂಲ್ ಬೇರೆಯಾಗಿ ಹಾಕಿದ್ದೇನೆ.