ಕಬ್ಬಿನ ಗ್ಯಾಂಗಿನ ಗುಡಿಸಲುಗಳಲ್ಲಿ ದಡಾರ

ನಾನು ಬಾಗಲಕೋಟೆ ಜಿಲ್ಲೆಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವೈದ್ಯ. ಕಬ್ಬಿನ ಹಂಗಾಮಿನಲ್ಲಿ ಒಂದು ಸಂಜೆ ಆಶಾ ಕಾರ್ಯಕರ್ತೆ ಫೋನ್ ಮಾಡಿ, "ಸರ್, ಕಬ್ಬು ಕಡಿಯೋ ಗ್ಯಾಂಗಿನ ಗುಡಿಸಲಲ್ಲಿ ಮಕ್ಕಳಿಗೆ ಗೊಬ್ಬರ ಎದ್ದೈತ್ರಿ" ಅಂದರು. ಗೊಬ್ಬರ ಅಂದರೆ ಈ ಕಡೆ ದಡಾರ. ಹೋಗಿ ನೋಡಿದರೆ ಜ್ವರ, ಕೆಂಪು ಕಣ್ಣು, ಕಿವಿ ಹಿಂದಿನಿಂದ ಶುರುವಾಗಿ ಮೈಗೆ ಇಳಿದಿದ್ದ ಗಂಧೆ.

ನಮ್ಮ ರಿಜಿಸ್ಟರ್‌ನಲ್ಲಿ ದಡಾರ ಲಸಿಕೆಯ ಮೊದಲ ಡೋಸ್ ಶೇ 90 ದಾಟಿತ್ತು. ಆದರೂ ಹೇಗೆ ಬಂತು? ಲೆಕ್ಕ ಹಾಕಿ ನೋಡಿ. ನೂರು ಮಕ್ಕಳಲ್ಲಿ 90ಕ್ಕೆ ಒಂಬತ್ತು ತಿಂಗಳಲ್ಲಿ ಎಂಆರ್, ಅಂದರೆ ದಡಾರ-ರುಬೆಲ್ಲಾ ಲಸಿಕೆ ಹಾಕಿದ್ದೀರಿ. ಆ ವಯಸ್ಸಿನಲ್ಲಿ ಅದು ಸುಮಾರು ಶೇ 85 ಮಕ್ಕಳಲ್ಲಿ ಮಾತ್ರ ಕೆಲಸ ಮಾಡುತ್ತದೆ. ಅಂದರೆ ರಕ್ಷಣೆ ಇರುವುದು 76 ಮಕ್ಕಳಿಗೆ. 16ರಿಂದ 24 ತಿಂಗಳೊಳಗಿನ ಎರಡನೇ ಡೋಸ್ ಇರುವುದೇ ಈ ಉಳಿಕೆಗೆ. ರಕ್ಷಣೆಯೇ ಇಲ್ಲದ ಕಡೆ ಒಬ್ಬ ರೋಗಿಯಿಂದ 12ರಿಂದ 18 ಜನಕ್ಕೆ ಅಂಟುತ್ತದೆ. ಆ 18ರಲ್ಲಿ 17 ಜನ ಗಟ್ಟಿಯಾಗಿದ್ದರಷ್ಟೇ ಸರಪಳಿ ತುಂಡಾಗೋದು. ಶೇ 95 ಮಕ್ಕಳಿಗೆ ಲಸಿಕೆ ಅನ್ನುವ ಗುರಿ ಸುಮ್ನೆ ಬಂದದ್ದಲ್ಲ. ಅದಕ್ಕಿಂತ ಮುಖ್ಯ, ಬಿಟ್ಟುಹೋದ ಮಕ್ಕಳು ಊರ ತುಂಬಾ ಚದುರಿರಲಿಲ್ಲ. ಎಲ್ಲರೂ ಆ ಗುಡಿಸಲುಗಳಲ್ಲೇ ಇದ್ದರು. ವಲಸೆ ಬಂದವರು, ನಮ್ಮ ಪಟ್ಟಿಯಲ್ಲೇ ಇರಲಿಲ್ಲ.

ಐದು ಮಕ್ಕಳ ರಕ್ತದ ಮಾದರಿ ಲ್ಯಾಬ್‌ಗೆ ಕಳಿಸಿದೆವು. ಗಂಧೆ ಎದ್ದ ಮಕ್ಕಳಿಗೆಲ್ಲ ವಯಸ್ಸಿಗೆ ತಕ್ಕಂತೆ ವಿಟಮಿನ್ ಎ, ಇವತ್ತೊಂದು ಡೋಸ್, ನಾಳೆ ಇನ್ನೊಂದು. ಒಂದು ವರ್ಷ ದಾಟಿದವರಿಗೆ ಪ್ರತಿ ಸಲ ಎರಡು ಲಕ್ಷ ಯೂನಿಟ್. ಜಿಲ್ಲೆಯವರ ಜೊತೆ ಮಾತಾಡಿ, 9 ತಿಂಗಳಿಂದ 5 ವರ್ಷದವರಿಗೆ ಹೆಚ್ಚುವರಿ ಡೋಸ್ ಅಂತ ಗೊತ್ತು ಮಾಡಿಕೊಂಡೆವು. ತಾಯಿ ಕಾರ್ಡಿನಲ್ಲಿ ಎರಡೂ ಡೋಸ್ ಇದ್ದರೂ ಹಾಕುವುದೇ. ನಾಲ್ಕು ವಾರದೊಳಗೆ ಎಂಆರ್ ಆದವರನ್ನು ಮಾತ್ರ ಬಿಟ್ಟೆವು. 2022ರ ಮುಂಬೈ ದಡಾರದ ಹೊತ್ತಲ್ಲೂ ಕೇಂದ್ರ ಸರ್ಕಾರ ಇದೇ ವಯಸ್ಸಿನವರಿಗೆ ಹೆಚ್ಚುವರಿ ಡೋಸ್ ಹೇಳಿತ್ತು.

ಬೆಳಿಗ್ಗೆ ಹತ್ತಕ್ಕೆ ಕ್ಯಾಂಪ್ ಇಟ್ಟರೆ ಒಬ್ಬರೂ ಸಿಗಲ್ಲ. ಗ್ಯಾಂಗ್ ಕತ್ತಲಿರುವಾಗಲೇ ಹೊಲಕ್ಕೆ ಹೋಗುತ್ತದೆ, ಕೂಸುಗಳನ್ನೂ ಕರೆದುಕೊಂಡು. ಗ್ಯಾಂಗಿನ ಮುಖ್ಯಸ್ಥ ಮುಕದ್ದಮನ ಹತ್ತಿರ ಕೂತು ಗುಡಿಸಲುವಾರು ಮಕ್ಕಳ ಪಟ್ಟಿ ಬರೆದೆವು. ಸಂಜೆ, ಕಬ್ಬಿನ ಗದ್ದೆಯ ಬದುವಿನಲ್ಲೂ, ಲಸಿಕೆ ಹಾಕಿದೆವು. ನಮ್ಮ ಸಿಸ್ಟರ್ ಬಾಟಲಿ ಕಲಸಿದ ಸಮಯವನ್ನು ಅದರ ಮೇಲೇ ಬರೆಯುತ್ತಿದ್ದರು. ನಾಲ್ಕು ತಾಸಾದರೆ ಉಳಿದದ್ದು ಎಸೆಯಲೇಬೇಕು. ಎರಡು ಮಕ್ಕಳಿಗಾಗಿ ಐದು ಡೋಸಿನ ಬಾಟಲಿ ಒಡೆಯಲು ಹಿಂಜರಿಯುವವರಿದ್ದಾರೆ. ಈ ಹೊತ್ತಲ್ಲಿ ಆ ಲೆಕ್ಕ ಬೇಡ, ಒಡೆಯಿರಿ ಅಂದೆ.

ಲಸಿಕೆ ಆದ ಮೇಲೂ ಹೊಸ ಕೇಸು ಬರುತ್ತವೆ. ಸೋಂಕು ತಗುಲಿ ಗಂಧೆ ಏಳಲು ಸುಮಾರು ಎರಡು ವಾರ ಬೇಕಲ್ವಾ, ಮೊದಲೇ ತಗುಲಿದ್ದವರಿಗೆ ಅದು ಏಳುತ್ತದೆ. ಇದನ್ನು ಮೊದಲೇ ಹೇಳಿರದಿದ್ದರೆ "ಸೂಜಿಯಿಂದಲೇ ಬಂತು" ಅಂತ ಸುದ್ದಿ ಹಬ್ಬುತ್ತದೆ. ಆಮೇಲೆ ಪಕ್ಕದ ಗ್ಯಾಂಗಿನವರು ಮಕ್ಕಳನ್ನು ಬಚ್ಚಿಡುತ್ತಾರೆ. ಹಾಗಾಗಿ ಲಸಿಕೆ ಹಾಕುವಾಗಲೇ ತಾಯಂದಿರಿಗೆ ಹೇಳುತ್ತಿದ್ದೆ, "ಅಕ್ಕಾ, ಎರಡು ವಾರ ಕೆಲವರಿಗೆ ಏಳಬಹುದು, ಹೆದರಬ್ಯಾಡ್ರಿ, ಕೂಡಲೇ ನಮಗೆ ಹೇಳ್ರಿ."