ಬೆಂಗಳೂರಿನಲ್ಲಿ ಕೂತು ಸಾಗರದ ಮನೆಯ ವೈಫೈ ಪಾಸ್‌ವರ್ಡ್ ಬದಲಿಸಿದ್ದು

ಸಾಗರದ ಹತ್ತಿರ ಹಳ್ಳಿಯಲ್ಲಿರುವ ನಮ್ಮ ಮನೆಗೆ ಫೈಬರ್ ಬಂದು ಮೂರು ವರ್ಷವಾಯಿತು. ರೂಟರ್ ಕೂಡಿಸಿದ ದಿನ ಅದರ ಬೆನ್ನಿಗಿದ್ದ ಸ್ಟಿಕ್ಕರ್‌ನ ಪಾಸ್‌ವರ್ಡೇ ಅಲ್ಲಿಯವರೆಗೂ ನಡೆದುಕೊಂಡು ಬಂದಿತ್ತು. ತಂಗಿಯ ಮದುವೆಯಲ್ಲಿ ಬಂದವರಿಗೆಲ್ಲ ಅದನ್ನು ಕೊಟ್ಟಿದ್ದೆವು. ಆಮೇಲೆ ಅದು ಬಾಯಿಂದ ಬಾಯಿಗೆ ಎಲ್ಲೆಲ್ಲಿಗೆ ಹೋಯಿತೋ ಗೊತ್ತಿಲ್ಲ, ಸಂಜೆ ಏಳರ ನಂತರ ಅಮ್ಮನ ಜೊತೆ ವಿಡಿಯೋ ಕಾಲ್ ಮಾಡಿದರೆ ಮುಖ ಒಡೆದು ಒಡೆದು ಬರುತ್ತಿತ್ತು. ಬ್ರಾಡ್‌ಬ್ಯಾಂಡ್ ಕಂಪನಿಯ ಆ್ಯಪ್‌ನಲ್ಲಿ ಸಂಪರ್ಕದಲ್ಲಿರುವ ಸಾಧನಗಳ ಪಟ್ಟಿ ತೆಗೆದು ನೋಡಿದೆ. 15 ಇದ್ದವು. ಮನೆಯವರದು ಎಂದು ಗುರುತು ಹಿಡಿಯಲು ಆದದ್ದು ಆರು ಮಾತ್ರ.

ಪಾಸ್‌ವರ್ಡ್ ಬದಲಿಸಲು ನನಗೆ ರೂಢಿಯಿದ್ದ ದಾರಿ ರೂಟರ್‌ನ ಸ್ವಂತ ಪುಟ. ಬ್ರೌಸರ್‌ನಲ್ಲಿ `192.168.1.1` ಎಂದು ಹೊಡೆದು, ಅಡ್ಮಿನ್ ಪಾಸ್‌ವರ್ಡ್ ಕೊಟ್ಟು ಒಳಗೆ ಹೋಗುವುದು. ಆದರೆ ಆ ವಿಳಾಸ ಮನೆಯೊಳಗಿನದು. ಬೆಂಗಳೂರಿನಲ್ಲಿ ಕೂತು ಅದನ್ನು ಹೊಡೆದರೆ ತೆರೆಯುವುದು ಬೆಂಗಳೂರಿನ ರೂಟರ್‌ನ ಪುಟವೇ ಹೊರತು ಸಾಗರದ್ದಲ್ಲ. ಅಪ್ಪನಿಂದ ಮಾಡಿಸೋಣವೆಂದರೆ ರೂಟರ್ ಕೂಡಿಸಲು ಬಂದ ಹುಡುಗ ಅಡ್ಮಿನ್ ಪಾಸ್‌ವರ್ಡನ್ನು ಬದಲಿಸಿ ಹೋಗಿದ್ದ. ಹಾಗಾಗಿ ಉಳಿದದ್ದು ಆ್ಯಪ್ ಒಂದೇ. ಜಿಯೋದ ಮೈಜಿಯೋ, ಏರ್‌ಟೆಲ್‌ನ ಥ್ಯಾಂಕ್ಸ್ ಆ್ಯಪ್‌ಗಳಲ್ಲಿ ಈ ಸೌಲಭ್ಯವಿದೆ, ಬೇರೆ ಕೆಲವು ಕಂಪನಿಗಳ ಆ್ಯಪ್‌ಗಳಲ್ಲೂ ಇದೆ.

ಅಷ್ಟು ದೂರದಿಂದ ಇದು ಹೇಗೆ ಸಾಧ್ಯ ಎಂಬುದನ್ನು ತಿಳಿದುಕೊಂಡಿದ್ದು ನನಗೆ ಮುಂದೆ ಬಹಳ ಉಪಯೋಗಕ್ಕೆ ಬಂತು. ನಮ್ಮ ಆ್ಯಪ್ ರೂಟರ್ ಜೊತೆ ನೇರವಾಗಿ ಮಾತಾಡುವುದಿಲ್ಲ. ನಾವು ಹಾಕಿದ ಹೊಸ ಹೆಸರು, ಪಾಸ್‌ವರ್ಡ್ ಮೊದಲು ಕಂಪನಿಯ ಸರ್ವರ್‌ಗೆ ಹೋಗುತ್ತವೆ. ಕಂಪನಿ ಕೊಟ್ಟ ರೂಟರ್ ಆ ಸರ್ವರ್ ಜೊತೆ ಆಗಾಗ ಸಂಪರ್ಕ ಮಾಡುತ್ತಿರುತ್ತದೆ. ಸರ್ವರ್ ಕೂಡ ಬೇಕೆಂದಾಗ ಅದನ್ನು ಕರೆಯಬಲ್ಲದು. ಈ ಮಾತುಕತೆಗೆ ಹೆಚ್ಚಾಗಿ ಬಳಕೆಯಲ್ಲಿರುವ ಪದ್ಧತಿಯ ಹೆಸರು ಟಿಆರ್-069, 2004ರಲ್ಲಿ ಬಂದದ್ದು. ಹಾಗಾಗಿ ರೂಟರ್‌ಗೆ ಕರೆಂಟ್ ಇರಬೇಕು, ಫೈಬರ್ ಸರಿ ಇರಬೇಕು. `LOS` ಎಂದು ಬರೆದ ದೀಪ ಕೆಂಪಗೆ ಮಿನುಗುತ್ತಿದ್ದರೆ ಫೈಬರ್‌ನೊಳಗಿನ ಬೆಳಕು ರೂಟರ್‌ಗೆ ಬರುತ್ತಿಲ್ಲ ಎಂದರ್ಥ, ಆಗ ಆ್ಯಪ್‌ನಲ್ಲಿ ಏನು ಒತ್ತಿದರೂ ಮನೆಗೆ ತಲುಪುವುದಿಲ್ಲ. ಮಳೆಗಾಲದಲ್ಲಿ ಮರ ಬಿದ್ದು ಕೇಬಲ್ ಕಡಿಯುವ ನಮ್ಮ ಕಡೆ ಇದನ್ನು ಮೊದಲು ವಿಚಾರಿಸಿಕೊಳ್ಳಬೇಕು.

ಸಂಪರ್ಕ ಅಪ್ಪನ ಹೆಸರಿನಲ್ಲಿದೆ. ಅವರ ನಂಬರ್ ಹಾಕಿ ನನ್ನ ಫೋನಿನಲ್ಲಿ ಲಾಗಿನ್ ಆಗುವಾಗ ಒಟಿಪಿ ಅವರ ಫೋನಿಗೇ ಹೋಗುತ್ತದೆ. ನಾನೇ ಕರೆ ಮಾಡಿ, ಮಾತಾಡುತ್ತಲೇ ಅದನ್ನು ಓದಿಸಿಕೊಂಡೆ. ಬೇರೆ ಯಾರೇ ಕೇಳಿದರೂ, ಕಂಪನಿಯವರು ಎಂದರೂ, ಒಟಿಪಿ ಹೇಳಬೇಡಿ ಎಂದು ಅವರಿಗೆ ಆವತ್ತೇ ಹೇಳಿದೆ. ಯಾಕೆಂದರೆ ಈ ಒಂದು ಅಂಕಿ ಸಿಕ್ಕಿದವರ ಕೈಗೆ ಮನೆಯ ವೈಫೈಯೇ ಹೋಗುತ್ತದೆ.

ಹೊಸ ಪಾಸ್‌ವರ್ಡ್ ಯೋಚಿಸುವಾಗ ನನ್ನ ಕಣ್ಣ ಮುಂದಿದ್ದದ್ದು ಟಿ.ವಿ. ರಿಮೋಟ್. ಅಮ್ಮ ಒಂದೊಂದೇ ಅಕ್ಷರಕ್ಕೆ ಬಾಣದ ಗುಂಡಿ ಒತ್ತಿ ಹೋಗಬೇಕು. ವೈಫೈ ಪಾಸ್‌ವರ್ಡ್ 8 ಅಕ್ಷರಕ್ಕಿಂತ ಕಡಿಮೆ ಇರುವಂತಿಲ್ಲ, 63ಕ್ಕಿಂತ ಹೆಚ್ಚಿರುವಂತಿಲ್ಲ. ನಾನು ಒಂದಕ್ಕೊಂದು ಸಂಬಂಧವಿಲ್ಲದ ಮೂರು ಕನ್ನಡ ಪದಗಳನ್ನು ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ನಡುವೆ ಒಂದು ಅಂಕಿ ಸೇರಿಸಿದೆ, `kambali7manegenasu` ಎಂಬ ರೀತಿಯಲ್ಲಿ. ದೊಡ್ಡಕ್ಷರ, ಚಿಹ್ನೆ ಯಾವುದೂ ಬೇಡ. ಉದ್ದವೇ ಅದಕ್ಕೆ ಬಲ. ಒಂದು ಮತ್ತು ಸೊನ್ನೆ ಅಂಕಿಗಳನ್ನೂ ಬಿಟ್ಟೆ, ಅವು ಎಲ್ ಮತ್ತು ಓ ಅಕ್ಷರಗಳಂತೆಯೇ ಕಾಣುತ್ತವೆ.

ಹೆಸರನ್ನೂ ಬದಲಿಸಬೇಕೋ ಬೇಡವೋ ಎಂದು ಸ್ವಲ್ಪ ಹೊತ್ತು ಯೋಚಿಸಿದೆ. ಹಳೇ ಹೆಸರು ಇಟ್ಟು ಪಾಸ್‌ವರ್ಡ್ ಮಾತ್ರ ಬದಲಿಸಿದರೆ ಫೋನುಗಳು ನೆನಪಿನಲ್ಲಿರುವ ಹಳೇ ಪಾಸ್‌ವರ್ಡನ್ನೇ ಮತ್ತೆ ಮತ್ತೆ ಕೊಟ್ಟು ಸೋಲುತ್ತವೆ. ಆಗ ಸೆಟ್ಟಿಂಗ್ಸ್‌ಗೆ ಹೋಗಿ ಆ ನೆಟ್‌ವರ್ಕನ್ನು `Forget` ಕೊಟ್ಟು ಮರೆಸಿ, ಮತ್ತೆ ಸೇರಿಸಬೇಕಾಗಿ ಬರಬಹುದು. ಎಪ್ಪತ್ತು ದಾಟಿದ ಅಪ್ಪನಿಗೆ ಇದನ್ನು ಫೋನಿನಲ್ಲಿ ಹೇಳಿ ಮಾಡಿಸುವುದು ಕಷ್ಟ. ಹೊಸ ಹೆಸರಾದರೆ ಪಟ್ಟಿಯಲ್ಲಿ ಹೊಸದಾಗಿ ಕಾಣುತ್ತದೆ, ಒತ್ತಿದ ಕೂಡಲೇ ಪಾಸ್‌ವರ್ಡ್ ಕೇಳುತ್ತದೆ. ಅದಕ್ಕೇ ಎರಡನ್ನೂ ಒಟ್ಟಿಗೆ ಬದಲಿಸಿದೆ. ರೂಟರ್ ಕೆಟ್ಟು ಹೊಸದು ಕೂಡಿಸಿದಾಗ ಮಾತ್ರ ನನ್ನ ಸಲಹೆ ಇದಕ್ಕೆ ಉಲ್ಟಾ. ಆಗ ಆ್ಯಪ್‌ನಲ್ಲಿ ಹಳೇ ಹೆಸರು, ಹಳೇ ಪಾಸ್‌ವರ್ಡನ್ನೇ ಅಕ್ಷರ ತಪ್ಪದೆ ಹಾಕಿದರೆ ಮನೆಯ ಸಾಧನಗಳು ಹೆಚ್ಚಿನಂಶ ತಾವಾಗಿಯೇ ಬಂದು ಸೇರಿಕೊಳ್ಳುತ್ತವೆ.

ಹೆಸರನ್ನು ಕನ್ನಡ ಅಕ್ಷರದಲ್ಲಿ ಇಡುವ ಆಸೆ ನನಗೆ ಬಹಳ ಇತ್ತು. ಹೆಸರಿಗೆ 32 ಬೈಟ್ ಜಾಗವಿದೆ, ಕನ್ನಡದ ಒಂದೊಂದು ಅಕ್ಷರ, ಕಾಗುಣಿತದ ಒಂದೊಂದು ಗುರುತು ತಲಾ 3 ಬೈಟ್ ತಿನ್ನುತ್ತವೆ. ಚಿಕ್ಕ ಹೆಸರಾದರೆ ಹಿಡಿಸುತ್ತದೆ. ಆದರೆ ನಮ್ಮ ಆ್ಯಪ್ ಇಂಗ್ಲಿಷ್ ಅಕ್ಷರ, ಅಂಕಿ ಬಿಟ್ಟು ಬೇರೇನನ್ನೂ ತೆಗೆದುಕೊಳ್ಳಲಿಲ್ಲ. `TotadaMane` ಎಂದು ಇಟ್ಟೆ.

ಉಳಿಸುವ ಗುಂಡಿ ಒತ್ತಿದೆ. ಯಶಸ್ವಿಯಾಗಿದೆ ಎಂಬ ಸಂದೇಶ ಬಂತು, ಅಮ್ಮನ ಜೊತೆಗಿನ ಕರೆ ಅಲ್ಲಿಗೇ ತುಂಡಾಯಿತು. ಕಾರಣ ಆಮೇಲೆ ಹೊಳೆಯಿತು. ಮನೆಯೊಳಗೆ ಮೊಬೈಲ್ ಸಿಗ್ನಲ್ ಇಲ್ಲದ್ದರಿಂದ ಅವರ ಫೋನಿನಲ್ಲಿ ವೈಫೈ ಕಾಲಿಂಗ್ ಹಾಕಿಟ್ಟವನು ನಾನೇ. ಸಾಮಾನ್ಯ ಕರೆ ಎಂದುಕೊಂಡಿದ್ದೂ ಅದೇ ವೈಫೈ ಮೇಲೆ ನಡೆಯುತ್ತಿತ್ತು. ಹತ್ತು ನಿಮಿಷದ ಮೇಲೆ ಅಮ್ಮ ಅಂಗಳದ ತುದಿಗೆ ಬಂದು ಕರೆ ಮಾಡಿದರು. "ಎಂತ ಮಾಡಿದ್ಯೋ, ಟಿ.ವಿ.ನೂ ನಿಂತೋಯ್ತು, ನೀನೂ ನಿಂತೋದೆ" ಎಂದರು. ಹೀಗೆ ದೂರದಿಂದ ಮಾಡುವವರು ಆ ಕಡೆಯವರನ್ನು ಮೊದಲೇ ಸಿಗ್ನಲ್ ಸಿಗುವ ಜಾಗಕ್ಕೆ ಕರೆಸಿ, ಫೋನಿನ ವೈಫೈ ಆಫ್ ಮಾಡಿಸಿ ಮಾತಿಗೆ ಕೂರಬೇಕು. ಮನೆಯಲ್ಲೇ ಕೂತು ಮಾಡುವವರಿಗೂ ಇದೇ ಮಾತು: ನಿಮ್ಮ ಫೋನನ್ನು ಮೊಬೈಲ್ ಡೇಟಾಕ್ಕೆ ಹಾಕಿಕೊಂಡೇ ಆ್ಯಪ್ ತೆರೆಯಿರಿ. ಇಲ್ಲದಿದ್ದರೆ ಹೊಸ ಹೆಸರು ಜಾರಿಯಾಗುವ ಹೊತ್ತಿಗೆ ನಿಮ್ಮದೇ ಸಂಪರ್ಕ ಹೋಗಿ ಆ್ಯಪ್ ದೋಷ ತೋರಿಸುತ್ತದೆ. ಆಗಿಲ್ಲ ಎಂದುಕೊಂಡು ಇನ್ನೊಂದು ಪಾಸ್‌ವರ್ಡ್ ಹಾಕಿದರೆ ಆಮೇಲೆ ಯಾವುದು ನಿಂತಿದೆ ಎಂದೇ ತಿಳಿಯುವುದಿಲ್ಲ.

ನಿಜವಾದ ತೊಡಕು ಬಂದದ್ದು ಇಲ್ಲಿಂದ ಮುಂದೆ. ಅಮ್ಮನಿಗೆ `TotadaMane` ಕಂಡಿತು, ಪಾಸ್‌ವರ್ಡ್ ಹೊಡೆದರು, ತಪ್ಪು ಎಂದು ಬಂತು. ಮೂರು ಸಲ ಅದೇ. ಅಕ್ಷರ ಅಕ್ಷರ ಓದಿಸಿದೆ, ಒಂದೂ ತಪ್ಪಿರಲಿಲ್ಲ. ಕೊನೆಗೆ ನನ್ನ ಆ್ಯಪ್‌ನಲ್ಲಿ ಪಾಸ್‌ವರ್ಡ್ ಪಕ್ಕದ ಕಣ್ಣಿನ ಗುರುತು ಒತ್ತಿ, ಕರ್ಸರನ್ನು ಕೊನೆಗೆ ತಂದು ನೋಡಿದೆ. ಕೊನೆಯ ಅಕ್ಷರಕ್ಕೂ ಕರ್ಸರ್‌ಗೂ ನಡುವೆ ಒಂದು ಕೂದಲೆಳೆಯಷ್ಟು ಜಾಗ. ನಾನು ಪಾಸ್‌ವರ್ಡನ್ನು ಅಪ್ಪನಿಗೆ ಕಳಿಸಿದ ವಾಟ್ಸ್‌ಆ್ಯಪ್ ಸಂದೇಶದಿಂದ ನಕಲು ಮಾಡಿ ಅಂಟಿಸಿದ್ದೆ, ಅದರ ಜೊತೆ ಕೊನೆಯಲ್ಲೊಂದು ಸ್ಪೇಸ್ ಬಂದಿತ್ತು. ಆ್ಯಪ್ ಅದನ್ನೂ ಒಂದು ಅಕ್ಷರವೆಂದೇ ತೆಗೆದುಕೊಂಡಿತ್ತು. ಅಮ್ಮ ಹೊಡೆದದ್ದು ಸರಿ, ನಾನು ಇಟ್ಟದ್ದು ತಪ್ಪು. ಅಳಿಸಿ ಮತ್ತೆ ಉಳಿಸಿದೆ. ಈ ಸಲ ಯಶಸ್ವಿ ಎಂದು ಬಂದ ಮೇಲೂ ನಾಲ್ಕೈದು ನಿಮಿಷ ಹಳೆಯದೇ ನಡೆಯುತ್ತಿತ್ತು. ಆ ಸಂದೇಶ ಹೇಳಿದ್ದು ಸರ್ವರ್ ನಮ್ಮ ಕೋರಿಕೆಯನ್ನು ತೆಗೆದುಕೊಂಡಿತು ಎಂದಷ್ಟೇ, ರೂಟರ್ ಅದನ್ನು ಜಾರಿ ಮಾಡಿತು ಎಂದಲ್ಲ. ತಾಳ್ಮೆಯಿಂದ ಕಾದೆವು, ಸೇರಿಕೊಂಡಿತು. ಅಂದಿನಿಂದ ಪಾಸ್‌ವರ್ಡನ್ನು ಅಂಟಿಸುವುದನ್ನು ಬಿಟ್ಟು ಕೈಯಲ್ಲೇ ಹೊಡೆಯುತ್ತೇನೆ. ಹೆಸರಿಗೂ ಹಾಗೆಯೇ; ಕೀಬೋರ್ಡ್ ಸೂಚಿಸಿದ ಪದವನ್ನು ಒತ್ತಿದರೆ ಅದೂ ಹಿಂದೊಂದು ಸ್ಪೇಸ್ ಇಟ್ಟುಬಿಡುತ್ತದೆ.

ಅಷ್ಟರಲ್ಲಿ ಅಪ್ಪ ಮಾಳಿಗೆಯಿಂದ ಹಳೇ ಹೆಸರು ಇನ್ನೂ ಕಾಣುತ್ತಿದೆ ಎಂದರು. ಅಲ್ಲಿ ನಾವೇ ಅಂಗಡಿಯಿಂದ ತಂದು ಲ್ಯಾನ್ ಕೇಬಲ್‌ನಿಂದ ಕೂಡಿಸಿದ ಇನ್ನೊಂದು ಸಣ್ಣ ರೂಟರ್ ಇತ್ತು, ಅದಕ್ಕೂ ಅದೇ ಹೆಸರು, ಅದೇ ಪಾಸ್‌ವರ್ಡ್ ಇಟ್ಟಿದ್ದೆವು. ಕಂಪನಿಯ ಆ್ಯಪ್‌ಗೆ ಕಂಪನಿಯ ಪೆಟ್ಟಿಗೆ ಮಾತ್ರ ಗೊತ್ತು. ನಮ್ಮ ಸ್ವಂತ ರೂಟರ್‌ನ ವೈಫೈಯನ್ನು ಅದು ಮುಟ್ಟಲಾರದು. ನಾನು ಕೆಳಗಿನ ಬಾಗಿಲಿಗೆ ಬೀಗ ಹಾಕಿ ಹಿತ್ತಲ ಬಾಗಿಲು ತೆರೆದೇ ಬಿಟ್ಟ ಹಾಗಾಗಿತ್ತು. ಅಪ್ಪ ಅದರ ಪ್ಲಗ್ ಕಿತ್ತಿಟ್ಟರು, ದೀಪಾವಳಿಗೆ ಹೋದಾಗ ಅದರ ಪುಟಕ್ಕೆ ಹೋಗಿ ನಾನು ಬದಲಿಸಿದೆ.

ಕೊನೆಗೆ ಉಳಿದದ್ದು ಅಡಿಕೆ ಅಂಗಳದ ಕ್ಯಾಮೆರಾ. ಅದು 2.4 ಗಿಗಾಹರ್ಟ್ಸ್ ವೈಫೈಯನ್ನು ಮಾತ್ರ ಹಿಡಿಯುತ್ತದೆ. ನಮ್ಮ ಆ್ಯಪ್‌ನಲ್ಲಿ 2.4 ಮತ್ತು 5 ಗಿಗಾಹರ್ಟ್ಸ್ ಎರಡಕ್ಕೂ ಬೇರೆ ಬೇರೆ ಜಾಗಗಳಿವೆ. ನಾನು ಮೊದಲು ನೋಡಿದ್ದು 5ರ ಪುಟವನ್ನು. ಎರಡನ್ನೂ ಬದಲಿಸಿ ಉಳಿಸದಿದ್ದರೆ ಹಳೇ ಪಾಸ್‌ವರ್ಡ್ ಒಂದು ಕಡೆ ಜೀವಂತ ಉಳಿಯುತ್ತದೆ ಎಂದು ಅರಿವಾದಾಗ ಅದನ್ನೂ ಮಾಡಿದೆ. ಆದರೆ ನಮ್ಮ ಕ್ಯಾಮೆರಾಕ್ಕೆ ಹೊಸ ಪಾಸ್‌ವರ್ಡ್ ಹೇಳಲು ದೂರದಿಂದ ದಾರಿಯಿಲ್ಲ. ಹಳೇ ವೈಫೈ ಹೋದ ಮೇಲೆ ಅದು ಯಾರ ಮಾತನ್ನೂ ಕೇಳದು. ಪಕ್ಕದ ಮನೆಯ ಹುಡುಗ ಏಣಿ ಹತ್ತಿ, ಪಿನ್ನಿನಿಂದ ರೀಸೆಟ್ ಗುಂಡಿ ಒತ್ತಿ ಹಿಡಿದು, ಫೋನಿನ ಕ್ಯೂಆರ್ ಚಿತ್ರವನ್ನು ಅದರ ಮುಂದೆ ಹಿಡಿದು ಸೇರಿಸಿಕೊಟ್ಟ. ಅದೇ ಪಿನ್ನನ್ನು ರೂಟರ್‌ನ ರೀಸೆಟ್ ತೂತಿಗೆ ಮಾತ್ರ ಹಾಕಬೇಡ ಎಂದು ನಾನು ಎರಡು ಸಲ ಹೇಳಿದೆ. ಅದನ್ನು ಒತ್ತಿದರೆ ಹೆಸರು, ಪಾಸ್‌ವರ್ಡ್ ಸ್ಟಿಕ್ಕರ್‌ನದ್ದಕ್ಕೇ ಮರಳಬಹುದು, ಕೆಲವು ರೂಟರ್‌ಗಳಲ್ಲಿ ಇಂಟರ್ನೆಟ್ ಸಂಪರ್ಕದ ವಿವರವೂ ಅಳಿಸಿ ಕಂಪನಿಯವರೇ ಬರಬೇಕಾಗುತ್ತದೆ.

ಆ್ಯಪ್‌ನಿಂದ ಆಗದ್ದೂ ಇದೆ. ರೂಟರ್‌ನ ಅಡ್ಮಿನ್ ಪಾಸ್‌ವರ್ಡ್ ಬದಲಾಗಿಲ್ಲ. ಯಾವ ಚಾನೆಲ್, ಯಾವ ಭದ್ರತಾ ಬಗೆ ಎಂಬುದು ನಮ್ಮ ಆ್ಯಪ್‌ನಲ್ಲಿ ಕಾಣುವುದೇ ಇಲ್ಲ. ಅವಕ್ಕೆಲ್ಲ ಮನೆಗೆ ಹೋಗಿ ರೂಟರ್ ಪುಟವನ್ನೇ ತೆರೆಯಬೇಕು.

ಅಂದು ರಾತ್ರಿ ಒಂಬತ್ತಕ್ಕೆ ಪಟ್ಟಿ ಮತ್ತೆ ತೆಗೆದೆ. ಅಪ್ಪ, ಅಮ್ಮನ ಫೋನುಗಳು, ಟಿ.ವಿ., ಟ್ಯಾಬ್, ಪ್ರಿಂಟರ್, ಕ್ಯಾಮೆರಾ. ಆರೇ ಇದ್ದವು. ಹೊಸ ಪಾಸ್‌ವರ್ಡನ್ನು ಅಮ್ಮ ಅಡಿಗೆಮನೆಯ ಕಪಾಟಿನ ಬಾಗಿಲ ಒಳಮುಖಕ್ಕೆ ಬರೆದು ಅಂಟಿಸಿದ್ದಾರೆ. ಅಕ್ಷರ ದೊಡ್ಡದಾಗಿದೆ, ಕೊನೆಯಲ್ಲಿ ಒಂದು ಗೆರೆ ಎಳೆದು "ಇಲ್ಲಿಗೆ ಮುಗೀತು" ಎಂದೂ ಬರೆದಿದ್ದಾರೆ.