ಡೆಬಿಟ್ ಕಾರ್ಡ್ ಕಳೆದ ಸಂಜೆ: ಕಾರ್ಡ್ ನಿಲ್ಲಿಸುವುದರಿಂದ ಹೊಸ ಪಿನ್‌ವರೆಗೆ

ಎರಡನೇ ಶನಿವಾರದ ಸಂಜೆ ಏಳು ಗಂಟೆಯ ಹೊತ್ತು. ಕೆ.ಆರ್. ಮಾರುಕಟ್ಟೆಯಲ್ಲಿ ಹೂವು, ಹಣ್ಣು ಕೊಂಡು ಬಿಎಂಟಿಸಿ ಬಸ್ಸಿನಲ್ಲಿ ಬನಶಂಕರಿಗೆ ಬಂದಿಳಿದ ಗೃಹಿಣಿಯೊಬ್ಬರು ಮನೆಯ ಬಾಗಿಲಲ್ಲಿ ಚೀಲ ತೆರೆದು ನೋಡುತ್ತಾರೆ, ಪರ್ಸ್ ಇಲ್ಲ. ಅದರಲ್ಲಿದ್ದ ನಗದು ಹೆಚ್ಚೇನಲ್ಲ, ಆದರೆ ಸ್ಟೇಟ್ ಬ್ಯಾಂಕಿನ ಡೆಬಿಟ್ ಕಾರ್ಡ್ ಇತ್ತು. ಬಸ್ಸಿನಲ್ಲಿ ಬಿದ್ದಿತೋ, ಅಂಗಡಿಯಲ್ಲಿ ಮರೆತರೋ ಎಂದು ನೆನಪಿಸಿಕೊಳ್ಳುತ್ತಿರುವಾಗಲೇ 7.20ಕ್ಕೆ ಮೊಬೈಲಿಗೆ ಸಂದೇಶ ಬರುತ್ತದೆ: ಖಾತೆಯಿಂದ 1,940 ರೂಪಾಯಿ ಕಡಿತವಾಗಿದೆ. ಪಿನ್ ತಮಗೊಬ್ಬರಿಗೇ ಗೊತ್ತಿರುವಾಗ ಇದು ಹೇಗೆ ಸಾಧ್ಯ ಎಂಬುದು ಅವರ ಮೊದಲ ಪ್ರಶ್ನೆ. ಇದು ಉದಾಹರಣೆಗಾಗಿ ಕಟ್ಟಿಕೊಂಡ ಪ್ರಸಂಗವಾದರೂ ಇಂಥದ್ದು ಯಾರಿಗೂ ಆಗಬಹುದಾದ್ದರಿಂದ ಇದನ್ನೇ ಹಿಡಿದು ಮುಂದೆ ಸಾಗೋಣ.

ಉತ್ತರ ಕಾರ್ಡಿನ ಮೇಲೆಯೇ ಇದೆ. ಬಾಗಿದ ನಾಲ್ಕು ಗೆರೆಗಳ, ಅಲೆಯಂಥ ಗುರುತಿರುವ ಕಾರ್ಡನ್ನು ಅಂಗಡಿಯ ಯಂತ್ರಕ್ಕೆ ತಾಗಿಸಿದರೆ ಸಾಕು, ಹಣ ಪಾವತಿಯಾಗುತ್ತದೆ. ಹೀಗೆ ಪಿನ್ ಇಲ್ಲದೆ ಒಂದು ಬಾರಿಗೆ 5,000 ರೂಪಾಯಿವರೆಗೆ ಪಾವತಿಸಲು 2021ರ ಜನವರಿ 1ರಿಂದ ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಿದೆ. ಹೊಸದಾಗಿ ಬರುವ ಕಾರ್ಡಿನಲ್ಲಿ ಈ ಸೌಲಭ್ಯ ಮೊದಲಿಗೆ ಬಂದ್ ಆಗಿರಬೇಕೆಂಬ ನಿಯಮವೂ ಇದೆ. ಆದರೆ ಒಮ್ಮೆ ನಾವೇ ಅದನ್ನು ಚಾಲೂ ಮಾಡಿದ್ದರೆ ಕಾರ್ಡ್ ಸಿಕ್ಕವರಿಗೂ ಅದು ಚಾಲೂ ಇರುತ್ತದೆ. ಆದ್ದರಿಂದ ‘ಪಿನ್ ಗೊತ್ತಿಲ್ಲವಲ್ಲ, ನಾಳೆ ನೋಡಿದರಾಯಿತು’ ಎಂಬ ಧೈರ್ಯ ಈಗ ಸಲ್ಲದು.

ಮೊದಲ ಕೆಲಸ ಕಾರ್ಡನ್ನು ನಿಲ್ಲಿಸುವುದು, ಹುಡುಕುವುದಲ್ಲ. ಎರಡನೇ ಶನಿವಾರ ಶಾಖೆ ಮುಚ್ಚಿರುತ್ತದೆ, ಮರುದಿನ ಭಾನುವಾರ. ಆದರೆ ಕಾರ್ಡ್ ಕಳೆದ ಮಾಹಿತಿಯನ್ನು ಸ್ವೀಕರಿಸುವ ವ್ಯವಸ್ಥೆ ದಿನದ ಇಪ್ಪತ್ನಾಲ್ಕು ಗಂಟೆಯೂ ತೆರೆದಿರಬೇಕು ಎಂಬುದು ರಿಸರ್ವ್ ಬ್ಯಾಂಕಿನ ನಿಯಮ. ಸ್ಟೇಟ್ ಬ್ಯಾಂಕಿನ ಗ್ರಾಹಕರು ಬ್ಯಾಂಕಿನಲ್ಲಿ ನೋಂದಾಯಿಸಿದ ತಮ್ಮ ಮೊಬೈಲ್ ಸಂಖ್ಯೆಯಿಂದ 567676ಕ್ಕೆ ಒಂದು ಎಸ್ಸೆಮ್ಮೆಸ್ ಕಳಿಸಿದರೆ ಸಾಕು. ಕಾರ್ಡಿನ ಕೊನೆಯ ನಾಲ್ಕು ಅಂಕಿಗಳು 4321 ಎಂದಿಟ್ಟುಕೊಂಡರೆ ಸಂದೇಶ ಹೀಗಿರಬೇಕು:

```
BLOCK 4321
```

ಕಾರ್ಡೇ ಕಳೆದಿರುವಾಗ ಕೊನೆಯ ನಾಲ್ಕು ಅಂಕಿ ಎಲ್ಲಿಂದ ತರುವುದು? ಹಿಂದೆ ಎಟಿಎಂನಿಂದ ಹಣ ತೆಗೆದಾಗ ಬಂದ ಸಂದೇಶಗಳಲ್ಲಿ, ಎಟಿಎಂ ಕೊಟ್ಟ ಚೀಟಿಯಲ್ಲಿ ಅಥವಾ ಬ್ಯಾಂಕಿನ ಆ್ಯಪ್‌ನಲ್ಲಿ ಅವು ಸಿಗುತ್ತವೆ. ಈಗಲೇ ಆ ನಾಲ್ಕು ಅಂಕಿಗಳನ್ನು ಪಾಸ್‌ಬುಕ್ಕಿನ ಒಳಪುಟದಲ್ಲಿ ಬರೆದಿಟ್ಟುಕೊಳ್ಳುವುದರಲ್ಲಿ ತಪ್ಪೇನಿಲ್ಲ. ಪೂರ್ತಿ ಸಂಖ್ಯೆಯನ್ನು ಮಾತ್ರ ಬರೆಯಬಾರದು. ಸಂದೇಶ ಹೋಗದಿದ್ದರೆ 1800 1234 ಅಥವಾ 1800 2100ಕ್ಕೆ ಉಚಿತ ಕರೆ ಮಾಡಬಹುದು. ಕೆನರಾ ಬ್ಯಾಂಕಿನವರಿಗೆ 1800 1030 ಇದೆ. ಬೇರೆ ಬ್ಯಾಂಕುಗಳ ಸಂಖ್ಯೆ ಪಾಸ್‌ಬುಕ್ಕಿನಲ್ಲಿಯೋ ಬ್ಯಾಂಕಿನ ಜಾಲತಾಣದಲ್ಲಿಯೋ ಇರುತ್ತದೆ. ಗಾಬರಿಯಲ್ಲಿ ಗೂಗಲ್‌ನಲ್ಲಿ ‘ಕಸ್ಟಮರ್ ಕೇರ್’ ಎಂದು ಹುಡುಕಿ ಮೊದಲು ಕಂಡ ಸಂಖ್ಯೆಗೆ ಕರೆ ಮಾಡಬೇಡಿ, ಏಕೆಂದರೆ ವಂಚಕರು ಕಾದು ಕುಳಿತಿರುವುದೇ ಅಲ್ಲಿ. ಬ್ಯಾಂಕುಗಳ ಅಧಿಕೃತ ಜಾಲತಾಣದ ವಿಳಾಸಗಳು ಈಗ .bank.in ಎಂದು ಕೊನೆಗೊಳ್ಳುತ್ತವೆ. ಅದನ್ನು ನೋಡಿಕೊಂಡೇ ಸಂಖ್ಯೆ ತೆಗೆದುಕೊಳ್ಳಬೇಕು. ಕಾರ್ಡ್ ನಿಲ್ಲಿಸಲು ಪಿನ್ ಆಗಲಿ, ಕಾರ್ಡಿನ ಹಿಂಬದಿಯ ಮೂರಂಕಿಯ ಸಿವಿವಿ ಆಗಲಿ ಬೇಕಾಗುವುದಿಲ್ಲ. ಅವನ್ನು ಕೇಳುವವರು, ಮೊಬೈಲಿನ ಪರದೆ ತೋರಿಸುವ ಆ್ಯಪ್ ಹಾಕಿಕೊಳ್ಳಿ ಎನ್ನುವವರು ಬ್ಯಾಂಕಿನವರಲ್ಲ. ಕರೆಯನ್ನು ಅಲ್ಲಿಗೇ ಮುಗಿಸಿ.

ಹಲವು ಬ್ಯಾಂಕುಗಳ ಆ್ಯಪ್‌ನಲ್ಲಿ ಕಾರ್ಡನ್ನು ತಾತ್ಕಾಲಿಕವಾಗಿ ಬಂದ್ ಮಾಡುವ ಗುಂಡಿಯೂ ಇರುತ್ತದೆ. ಕಾರ್ಡ್ ಆಫೀಸಿನ ಮೇಜಿನ ಮೇಲೆ ಉಳಿದಿರಬಹುದು ಎಂಬ ಬಲವಾದ ಅನುಮಾನವಿದ್ದರೆ ಅದು ಉಪಯುಕ್ತ, ಏಕೆಂದರೆ ಕಾರ್ಡ್ ಸಿಕ್ಕ ಮೇಲೆ ಮತ್ತೆ ಚಾಲೂ ಮಾಡಿಕೊಳ್ಳಬಹುದು. ಆದರೆ ನಮ್ಮ ಪ್ರಸಂಗದಲ್ಲಿ ಹಣ ಆಗಲೇ ಕಡಿತವಾಗಿದೆ, ಅಂದರೆ ಕಾರ್ಡ್ ಬೇರೆಯವರ ಕೈಯಲ್ಲಿದೆ. ಇಲ್ಲಿ ಶಾಶ್ವತವಾಗಿ ನಿಲ್ಲಿಸುವುದೇ ಸರಿ.

ಗೃಹಿಣಿ 7.24ಕ್ಕೆ ಸಂದೇಶ ಕಳಿಸುತ್ತಾರೆ, 7.25ಕ್ಕೆ ಕಾರ್ಡ್ ನಿಲ್ಲಿಸಲಾಗಿದೆ ಎಂಬ ಉತ್ತರ ಬರುತ್ತದೆ. ಆ ಉತ್ತರವನ್ನು ಅಳಿಸದೆ, ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಬೇಕು. ಕರೆ ಮಾಡಿದ್ದರೆ ದೂರಿನ ಸಂಖ್ಯೆಯನ್ನೂ ಸಮಯವನ್ನೂ ಬರೆದುಕೊಳ್ಳಬೇಕು. ಈ ಒಂದು ನಿಮಿಷದ ದಾಖಲೆಯ ಬೆಲೆ ಏನೆಂಬುದು ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯನ್ನು ಓದಿದರೆ ತಿಳಿಯುತ್ತದೆ. ಅದರ ಪ್ರಕಾರ ಗ್ರಾಹಕರ ನಿರ್ಲಕ್ಷ್ಯದಿಂದ ಆದ ನಷ್ಟವನ್ನು ಬ್ಯಾಂಕಿಗೆ ತಿಳಿಸುವವರೆಗೆ ಗ್ರಾಹಕರೇ ಹೊರಬೇಕು. ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದು. ಹಾಗಾಗಿ 7.40ಕ್ಕೆ ಮತ್ತೊಂದು ಕಡಿತವಾದರೆ ಅದಕ್ಕೆ ಬ್ಯಾಂಕ್ ಹೊಣೆ. 7.20ರ 1,940 ರೂಪಾಯಿಯ ವಿಷಯದಲ್ಲಿ ಮಾತ್ರ ವಾದಕ್ಕೆ ಎಡೆಯುಂಟು. ಕಾರ್ಡ್ ಕಳೆದುಕೊಂಡಿದ್ದೇ ನಿರ್ಲಕ್ಷ್ಯ ಎಂದು ಬ್ಯಾಂಕ್ ಹೇಳಬಹುದು. ಆದರೆ ಗ್ರಾಹಕರ ಹೊಣೆಯನ್ನು ಸಾಬೀತುಪಡಿಸುವ ಭಾರ ಬ್ಯಾಂಕಿನ ಮೇಲಿದೆ ಎಂದೂ ಅದೇ ಸುತ್ತೋಲೆ ಹೇಳುತ್ತದೆ. ಆದ್ದರಿಂದ ಮೊತ್ತ ಚಿಕ್ಕದೆಂದು ಸುಮ್ಮನಾಗದೆ, ಆ ವ್ಯವಹಾರ ತಮ್ಮದಲ್ಲವೆಂದು ಅಂದೇ ದೂರು ಕೊಡಬೇಕು. ಜೊತೆಗೆ 1930 ಸಹಾಯವಾಣಿಗೆ ಅಥವಾ cybercrime.gov.in ತಾಣದಲ್ಲಿ ದಾಖಲಿಸಬೇಕು. ಬ್ಯಾಂಕ್ ಮೂವತ್ತು ದಿನಗಳಲ್ಲಿ ಉತ್ತರ ಕೊಡದಿದ್ದರೆ ಅಥವಾ ದೂರನ್ನು ತಳ್ಳಿಹಾಕಿದರೆ cms.rbi.org.in ಮೂಲಕ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಬಳಿಗೆ ಹೋಗಬಹುದು.

ಪರ್ಸ್ ಜೊತೆ ಮೊಬೈಲೂ ಹೋಗಿದ್ದರೆ ಸಂಗತಿ ಗಂಭೀರ. ಎಸ್ಸೆಮ್ಮೆಸ್ ದಾರಿ ಮುಚ್ಚಿತು. ಪಕ್ಕದ ಮನೆಯವರ ಫೋನಿನಿಂದ ಬ್ಯಾಂಕಿಗೆ ಕರೆ ಮಾಡಿ ಕಾರ್ಡನ್ನೂ, ಮೊಬೈಲ್ ಕಂಪನಿಗೆ ಕರೆ ಮಾಡಿ ಸಿಮ್ಮನ್ನೂ ನಿಲ್ಲಿಸಬೇಕು. ಏಕೆಂದರೆ ಕಾರ್ಡಿನ ಕೊನೆಯ ಆರು ಅಂಕಿ, ಅದರ ಅವಧಿ ಮುಗಿಯುವ ತಿಂಗಳು–ವರ್ಷ ಮತ್ತು ಮೊಬೈಲಿಗೆ ಬರುವ ಒಟಿಪಿ, ಈ ಮೂರರಿಂದ ಯುಪಿಐ ಪಿನ್ನನ್ನೇ ಬದಲಾಯಿಸಬಹುದು. ಇನ್ನೊಂದು ಮಾತು: ಡೆಬಿಟ್ ಕಾರ್ಡ್ ನಿಲ್ಲಿಸಿದ ಮಾತ್ರಕ್ಕೆ ಯುಪಿಐ ನಿಲ್ಲುವುದಿಲ್ಲ, ಏಕೆಂದರೆ ಅದು ನಡೆಯುವುದು ಖಾತೆಯ ಮೇಲೆ. ಫೋನ್ ಕೈಯಲ್ಲಿದ್ದವರಿಗೆ ಇದು ಅನುಕೂಲವೇ. ತರಕಾರಿಯವರಿಗೆ ಹಣ ಕೊಡುವುದು ಎಂದಿನಂತೆ ನಡೆಯುತ್ತದೆ. ಖಾತೆಯಿಂದ ನೇರವಾಗಿ ಕಡಿತವಾಗುವ ಸಾಲದ ಕಂತಿಗೂ ತೊಂದರೆಯಿಲ್ಲ. ಕಾರ್ಡ್ ಸಂಖ್ಯೆ ಕೊಟ್ಟು ಮಾಡಿಕೊಂಡ ತಿಂಗಳ ಚಂದಾಗಳು ಮಾತ್ರ ನಿಂತುಹೋಗುತ್ತವೆ; ಹೊಸ ಕಾರ್ಡ್ ಬಂದ ಮೇಲೆ ಅವನ್ನು ಮತ್ತೆ ಜೋಡಿಸಬೇಕು.

ಬದಲಿ ಕಾರ್ಡಿಗೆ ಆ್ಯಪ್, ನೆಟ್ ಬ್ಯಾಂಕಿಂಗ್ ಅಥವಾ ಶಾಖೆಯ ಮೂಲಕ ಅರ್ಜಿ ಹಾಕಬಹುದು. ಸ್ಟೇಟ್ ಬ್ಯಾಂಕಿನಲ್ಲಿ ಇದರ ಶುಲ್ಕ 300 ರೂಪಾಯಿ ಮತ್ತು ಜಿಎಸ್‌ಟಿ. ಅದು ಖಾತೆಯಿಂದಲೇ ಕಡಿತವಾಗುತ್ತದೆ. ಅರ್ಜಿಯ ಕೊನೆಯ ಗುಂಡಿ ಒತ್ತುವ ಮೊದಲು ಒಂದು ಸಾಲನ್ನು ನಿಧಾನವಾಗಿ ಓದಿ: ವಿಳಾಸ. ಬೆಂಗಳೂರಿನಲ್ಲಿ ಬಾಡಿಗೆ ಮನೆ ಬದಲಾಯಿಸುವವರು ಗ್ಯಾಸ್ ಸಂಪರ್ಕ ಬದಲಾಯಿಸುತ್ತಾರೆ, ಹಾಲಿನವನಿಗೂ ಹೇಳುತ್ತಾರೆ, ಬ್ಯಾಂಕಿಗೆ ಹೇಳುವುದನ್ನು ಮಾತ್ರ ಮರೆಯುತ್ತಾರೆ. ಖಾತೆಯಲ್ಲಿ ಹಾಸನದ ತಂದೆಯ ಮನೆಯ ವಿಳಾಸವೋ, ಐದು ವರ್ಷದ ಹಿಂದೆ ಬಿಟ್ಟ ವಿಜಯನಗರದ ಮನೆಯ ವಿಳಾಸವೋ ಉಳಿದಿದ್ದರೆ ಕಾರ್ಡ್ ಅಲ್ಲಿಗೇ ಹೋಗುತ್ತದೆ. ಪಡೆಯುವವರಿಲ್ಲದೆ ವಾಪಸಾದರೆ ಅದನ್ನು ಹುಡುಕಿ ಪಡೆಯಲು ಮತ್ತೆ ಶಾಖೆ ಅಲೆಯಬೇಕು. ಹಾಗಿದ್ದಲ್ಲಿ ಮೊದಲು ಶಾಖೆಗೆ ಹೋಗಿ ಗುರುತಿನ ದಾಖಲೆ ಕೊಟ್ಟು ವಿಳಾಸ ಸರಿಪಡಿಸಿ, ನಂತರ ಅರ್ಜಿ ಹಾಕುವುದು ಜಾಣತನ. ಕೆಲವು ಶಾಖೆಗಳಲ್ಲಿ ಹೆಸರು ಮುದ್ರಿಸದ ಕಾರ್ಡನ್ನು ಕೈಯಲ್ಲೇ ಕೊಡುವುದುಂಟು, ಕೇಳಿ ನೋಡಬಹುದು. ಕಾರ್ಡ್ ಬರುವವರೆಗೆ ನಗದು ಬೇಕೆಂದರೆ ಪಾಸ್‌ಬುಕ್ ಹಿಡಿದು ಶಾಖೆಗೆ ಹೋಗಬಹುದು, ಇಲ್ಲವೇ ಸೌಲಭ್ಯವಿರುವ ಎಟಿಎಂಗಳಲ್ಲಿ ಪರದೆಯ ಕ್ಯೂಆರ್ ಕೋಡನ್ನು ಯುಪಿಐ ಆ್ಯಪ್‌ನಿಂದ ಸ್ಕ್ಯಾನ್ ಮಾಡಿ ಕಾರ್ಡ್ ಇಲ್ಲದೆಯೇ ಹಣ ತೆಗೆಯಬಹುದು.

ಅಂಚೆಯಲ್ಲಿ ಬಂದ ಲಕೋಟೆ ಹರಿದಿದ್ದರೆ ಅಥವಾ ಮತ್ತೆ ಅಂಟಿಸಿದಂತೆ ಕಂಡರೆ ಪಿನ್ ಹಾಕುವ ಮೊದಲೇ ಬ್ಯಾಂಕಿಗೆ ತಿಳಿಸಬೇಕು. ಎಲ್ಲವೂ ಸರಿಯಿದ್ದರೆ ಪಿನ್ ಕೆಲಸಕ್ಕೆ ತೊಡಗಬಹುದು. ಕಾರ್ಡ್ ಸಂಖ್ಯೆ ಹೊಸದಾಗಿರುವುದರಿಂದ ಹಳೆಯ ಪಿನ್ ಇದಕ್ಕೆ ನಡೆಯುವುದಿಲ್ಲ. ಸ್ಟೇಟ್ ಬ್ಯಾಂಕಿನವರು ನೋಂದಾಯಿತ ಮೊಬೈಲಿನಿಂದ ಮತ್ತೆ 567676ಕ್ಕೇ ಸಂದೇಶ ಕಳಿಸಬೇಕು. ಹೊಸ ಕಾರ್ಡಿನ ಕೊನೆಯ ನಾಲ್ಕು ಅಂಕಿ 8806, ಖಾತೆ ಸಂಖ್ಯೆಯ ಕೊನೆಯ ನಾಲ್ಕು ಅಂಕಿ 2195 ಆಗಿದ್ದರೆ:

```
PIN 8806 2195
```

ಉತ್ತರವಾಗಿ ಬರುವ ಒಟಿಪಿ ತಾತ್ಕಾಲಿಕವಾದದ್ದು. ಅದು ಕೈಯಲ್ಲಿರುವಾಗಲೇ ಸ್ಟೇಟ್ ಬ್ಯಾಂಕಿನ ಎಟಿಎಂಗೆ ಹೋಗಿ, ಕಾರ್ಡ್ ಹಾಕಿ, ಪಿನ್ ಕೇಳಿದಲ್ಲಿ ಒಟಿಪಿ ಒತ್ತಿ, ಪಿನ್ ಬದಲಾವಣೆಯ ಆಯ್ಕೆಗೆ ಹೋಗಿ ನಮ್ಮದೇ ನಾಲ್ಕು ಅಂಕಿಗಳನ್ನು ಎರಡು ಬಾರಿ ನಮೂದಿಸಬೇಕು. ಬ್ಯಾಂಕಿನ ಆ್ಯಪ್ ಅಥವಾ ನೆಟ್ ಬ್ಯಾಂಕಿಂಗ್‌ನಲ್ಲಿ ಮನೆಯಲ್ಲೇ ಕುಳಿತು ಮಾಡಬಹುದಾದರೆ ಅದೇ ಹೆಚ್ಚು ನೆಮ್ಮದಿ.

ಎಟಿಎಂನಲ್ಲಿ ಅಪಾಯ ಇರುವುದು ಯಂತ್ರಕ್ಕಿಂತ ಹೆಚ್ಚಾಗಿ ಹಿಂದೆ ನಿಂತ ಉಪಕಾರಿಗಳಲ್ಲಿ. ‘ಕೊಡಿ ಅಮ್ಮಾ, ನಾನು ಮಾಡಿಕೊಡುತ್ತೇನೆ’ ಎಂದು ಕಾರ್ಡ್ ಕೈಗೆ ತೆಗೆದುಕೊಳ್ಳುವವರು ಪಿನ್ ನೋಡಿಕೊಂಡು, ಅದೇ ಬಣ್ಣದ ಬೇರೊಂದು ಕಾರ್ಡನ್ನು ಹಿಂದಿರುಗಿಸುವುದು ಹಳೆಯ ಕೈಚಳಕ. ಮೊದಲ ಬಾರಿ ಪಿನ್ ಹಾಕುವವರು ತಡವರಿಸುವುದರಿಂದ ಈ ಬಲೆಗೆ ಸುಲಭವಾಗಿ ಬೀಳುತ್ತಾರೆ. ಗೊತ್ತಾಗದಿದ್ದರೆ ವ್ಯವಹಾರ ರದ್ದು ಮಾಡಿ ಹೊರಬನ್ನಿ. ಶಾಖೆಗೆ ಅಂಟಿಕೊಂಡ ಎಟಿಎಂಗೆ ಕೆಲಸದ ವೇಳೆಯಲ್ಲಿ ಹೋದರೆ ಸಿಬ್ಬಂದಿಯನ್ನೇ ಕೇಳಬಹುದು, ಅಂಕಿಗಳನ್ನು ಮಾತ್ರ ನೀವೇ ಒತ್ತಬೇಕು. ಒತ್ತುವಾಗ ಇನ್ನೊಂದು ಅಂಗೈಯನ್ನು ಕೀಲಿಮಣೆಯ ಮೇಲೆ ಮರೆಯಾಗಿ ಹಿಡಿಯಿರಿ, ಕಾರ್ಡ್ ಹಾಕುವ ಕಿಂಡಿಯೋ ಕೀಲಿಮಣೆಯೋ ಅಲುಗಾಡಿದರೆ ಆ ಯಂತ್ರವನ್ನು ಬಿಟ್ಟುಬಿಡಿ.

ಅಂಕಿಗಳ ಆಯ್ಕೆಯಲ್ಲಿ ಹುಟ್ಟಿದ ವರ್ಷ, ಸ್ಕೂಟರಿನ ಸಂಖ್ಯೆ ಮತ್ತು ಮೊಬೈಲ್ ಸಂಖ್ಯೆಯ ತುದಿಯನ್ನು ಬಿಡಬೇಕು, ಏಕೆಂದರೆ ಪರ್ಸ್ ಕದ್ದವರಿಗೆ ಅದರಲ್ಲೇ ಇರುವ ಚಾಲನಾ ಪರವಾನಗಿ, ಆರ್‌ಸಿ ಕಾರ್ಡುಗಳು ಇವನ್ನೆಲ್ಲ ಹೇಳಿಕೊಡುತ್ತವೆ. ಫೋನ್ ತೆರೆಯುವ ಅಂಕಿಗಳನ್ನೇ ಇಲ್ಲಿಯೂ ಇಡಬಾರದು. ಪಿನ್ ಬದಲಾದ ಸಂದೇಶ ಬಂದ ಮೇಲೆ ನೂರಿನ್ನೂರು ರೂಪಾಯಿ ತೆಗೆದು ಪರೀಕ್ಷಿಸಿಕೊಳ್ಳಬಹುದು. ತಾಗಿಸಿ ಪಾವತಿಸುವ ಸೌಲಭ್ಯ ನಿಜಕ್ಕೂ ಬೇಕೇ ಎಂದು ಆಗಲೇ ತೀರ್ಮಾನಿಸಿ. ಬೇಕಾದರೆ ಆ್ಯಪ್‌ನಲ್ಲಿ ಚಾಲೂ ಮಾಡುವಾಗ ಅದರ ಮಿತಿಯನ್ನು ಸಾವಿರ ರೂಪಾಯಿಗೆ ಇಳಿಸಲು ಆಗುವುದೇ ಎಂದು ನೋಡಿ.

ಇಷ್ಟೆಲ್ಲ ಆದ ಮೇಲೆ ಪರ್ಸ್ ಸಿಕ್ಕಿತೆಂದು ಬಸ್ ನಿರ್ವಾಹಕರೋ ಅಂಗಡಿಯವರೋ ಕರೆ ಮಾಡುವುದೂ ಉಂಟು. ಶಾಶ್ವತವಾಗಿ ನಿಲ್ಲಿಸಿದ ಹಳೆಯ ಕಾರ್ಡ್ ಇನ್ನು ಉಪಯೋಗಕ್ಕೆ ಬಾರದು. ಅದರ ಚಿಪ್ ಎರಡು ತುಂಡಾಗುವಂತೆ, ಸಂಖ್ಯೆಯೂ ಓದಲು ಬಾರದಂತೆ ಕತ್ತರಿಸಿ, ತುಂಡುಗಳನ್ನು ಬೇರೆ ಬೇರೆ ದಿನ ಕಸಕ್ಕೆ ಹಾಕಿ.